ಮೊದಲ ಸಾಲಿನಲ್ಲೇ ಇಲ್ಲ

ಶುಕ್ರವಾರ ಮಧ್ಯಾಹ್ನ ಮೂರಾದರೂ ನಂದೀಶನ ಒಪ್ಪಿಗೆ ಬಂದಿರಲಿಲ್ಲ. ಬೆಟಗೇರಿಯ ಆ ಸಣ್ಣ ಕೈಮಗ್ಗ ಕಂಪನಿಯ ಮ್ಯಾನೇಜರ್ ಬನಶಂಕರಿ ಕುರ್ಚಿಯಲ್ಲಿ ಕೂರಲಾಗದೆ ಎದ್ದು ಕಿಟಕಿಗೆ ಹೋಗುತ್ತಿದ್ದಳು, ಮತ್ತೆ ಬಂದು ಕಂಪ್ಯೂಟರ್ ನೋಡುತ್ತಿದ್ದಳು. ಉತ್ಪಾದನಾ ಮೇಲ್ವಿಚಾರಕರ ಒಂದೇ ಹುದ್ದೆಗೆ ಐವತ್ತೆರಡು ಅರ್ಜಿ ಬಂದು, ಕೊನೆಗೆ ಉಳಿದವರು ಇಬ್ಬರು. ಲಕ್ಷ್ಮೇಶ್ವರದ ನಂದೀಶ ಮತ್ತು ಡೋಣಿಯ ಮಮತಾ. ಆರಿಸಿದ್ದು ನಂದೀಶನನ್ನು. ಆದರೆ ಅವನು ನೇಮಕದ ಪತ್ರಕ್ಕೆ ಸಹಿ ಹಾಕಿ ಕಳಿಸುವವರೆಗೆ ಮಮತಾಗೆ ಇಲ್ಲ ಎನ್ನುವಂತಿರಲಿಲ್ಲ. ಅವನೇ ಹಿಂದೆ ಸರಿದರೆ?

ಮಮತಾಳ ಮೆಸೇಜು ಮೊಬೈಲಿನಲ್ಲಿ ಹಾಗೇ ಇತ್ತು. "ಮೇಡಂ, ಮುಂಡರಗಿ ನೇಕಾರರ ಸಂಘದವರು ನನಗ ಕೆಲಸ ಕೊಡ್ತೀವಿ ಅಂದಾರ್ರಿ. ನಾಳೆ ಹನ್ನೊಂದರೊಳಗ ಹೇಳಬೇಕಂತ. ನಿಮ್ಮ ಖಬರ ಕಾಯಾಕತ್ತೇನ್ರಿ."

"ಇವತ್ತ ಸಂಜಿಯೊಳಗ ಹೇಳ್ತೀನಿ" ಎಂದಷ್ಟೇ ಉತ್ತರಿಸಿದ್ದಳು ಬನಶಂಕರಿ. ಮಾತು ಕೊಟ್ಟಾಗಿತ್ತು. ನಂದೀಶನಿಗೆ ಫೋನ್ ಹಚ್ಚಿದಳು. ಪತ್ರ ಸ್ಕ್ಯಾನ್ ಮಾಡಿಸಲು ಅಂಗಡಿಯಲ್ಲಿ ನಿಂತಿದ್ದೇನೆ ಎಂದನವ. ನಾಲ್ಕಕ್ಕೆ ಸಹಿ ಮಾಡಿದ ಪತ್ರ ಬಂತು.

ಡೈರೆಕ್ಟರ್ ಪ್ರಭುಲಿಂಗ ಅವರಿಗೆ ಹೇಳಿದಾಗ ಅವರು ತಲೆ ಎತ್ತಲಿಲ್ಲ. "ಆತು. ಆ ಹುಡಿಗಿಗೆ ಎಲ್ಲಾರಿಗೂ ಕಳಸೋ ಆ ಎರಡ ಸಾಲು ಸೋಮವಾರ ಕಳಸು."

"ಬ್ಯಾಡ್ರಿ ಸರ್. ನಾಳೆ ಆಕಿ ಬ್ಯಾರೆ ಕೆಲಸಕ್ಕ ಉತ್ತರ ಹೇಳಬೇಕು. ಮೂರು ಸಲ ಕರಸೀವಿ, ಒಂದು ದಿನ ಪೂರಾ ನೇಕಾರರ ಮನಿ ಮನಿ ಅಡ್ಡಾಡಸೀವಿ. ಎರಡ ಸಾಲು ಸಾಕೇನ್ರಿ?"

"ಬರಿ. ಆದ್ರ ಇನ್ನೊಬ್ಬನ ವಿಷಯ ಏನೂ ಬರೀಬ್ಯಾಡ."

ಬನಶಂಕರಿ ಬರೆಯತೊಡಗಿದಳು. ಮಮತಾಳ ಶ್ರದ್ಧೆ, ಜಾಣತನ, ಮಾತಿನ ಸೌಜನ್ಯ. ಬರೆದಷ್ಟೂ ಮನಸ್ಸು ಹಗುರಾಗುತ್ತಿತ್ತು. ಕೊನೆಯಲ್ಲಿ "ಮುಂದೆ ಹುದ್ದೆ ಖಾಲಿಯಾದರೆ ಮೊದಲು ನಿಮ್ಮನ್ನೇ ಕರೆಯುತ್ತೇವೆ" ಎಂದೂ ಸೇರಿಸಿದಳು. ಸಂದರ್ಶನದಲ್ಲಿ ಜೊತೆಗೆ ಕೂತಿದ್ದ ಹಿರಿಯ ಕೆಲಸಗಾರ್ತಿ ಲಾಲಬಿ ಬಾಗಿಲಲ್ಲಿ ಕಂಡಾಗ, ಕರೆದು ಅರ್ಧ ಓದಿ ಹೇಳಿದಳು.

ಲಾಲಬಿಯ ಮುಖ ಅರಳಿತು. "ಛಲೋ ಆತ್ರಿ ಅಕ್ಕಾರ! ಯಾವಾಗಿಂದ ಬರ್ತಾಳಂತ ಆಕಿ?"

ಬನಶಂಕರಿ ಓದುವುದನ್ನು ನಿಲ್ಲಿಸಿದಳು. "ಆಕಿ ಬರಂಗಿಲ್ಲ ಆಪಾ. ನಂದೀಶನ್ನ ತಗೊಂಡೀವಿ."

"ಮತ್ತ ಅದನ್ನ ಎಲ್ಲಿ ಬರದೀರಿ?"

ಬರೆದಿದ್ದಳು, ಹತ್ತನೆಯ ಸಾಲಿನಲ್ಲಿ. ಆ ಹುಡುಗಿ ಒಂಬತ್ತು ಸಾಲು ಹಿಗ್ಗಿ, ಹತ್ತನೆಯದರಲ್ಲಿ ಬೀಳುತ್ತಿದ್ದಳು. ಹೊಗಳಿಕೆಯೆಲ್ಲ ತನ್ನ ಸಂಕಟ ಕಳೆದುಕೊಳ್ಳಲು ಬರೆದದ್ದು ಎಂದು ಬನಶಂಕರಿಗೆ ಹೊಳೆದು ನಾಚಿಕೆಯಾಯಿತು. ಮೊದಲು ಕರೆಯುತ್ತೇವೆ ಎಂಬ ಮಾತಂತೂ ಅವಳ ಕೈಯಲ್ಲಿರಲಿಲ್ಲ. ಎಲ್ಲವನ್ನೂ ಅಳಿಸಿದಳು.

"ಮಮತಾ ಅವರೇ, ಈ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ನಾಳೆ ನೀವು ಇನ್ನೊಂದು ಕಡೆ ಉತ್ತರ ಹೇಳಬೇಕಿರುವುದರಿಂದ ಇಂದೇ ತಿಳಿಸುತ್ತಿದ್ದೇನೆ.

ಕೊನೆಯ ಹಂತಕ್ಕೆ ಬಂದ ಇಬ್ಬರಲ್ಲಿ ನೀವೊಬ್ಬರು. ಸೀರೆಗಳು ತಡವಾಗುವುದು ನೇಕಾರರಿಂದಲ್ಲ, ಬಣ್ಣ ಹಾಕಿದ ನೂಲು ತಡವಾಗಿ ಬರುವುದರಿಂದ ಎಂದು ನೀವು ಒಂದೇ ದಿನದಲ್ಲಿ ಕಂಡುಕೊಂಡು ಡೈರೆಕ್ಟರ್ ಎದುರೇ ಹೇಳಿದಿರಿ. ಅದು ನಮಗೆ ಉಪಯೋಗವಾಗಿದೆ.

ಮೊದಲ ದಿನದಿಂದಲೇ ಬಣ್ಣದ ಘಟಕವನ್ನು ನಡೆಸುವ ಅನುಭವ ಈ ಕೆಲಸಕ್ಕೆ ಬೇಕಿತ್ತು. ನಿಮ್ಮಲ್ಲಿ ಕೊರತೆಯಾಗಿ ಕಂಡದ್ದು ಅದೊಂದೇ. ಮುಂದೆ ಹುದ್ದೆಯಿದೆ ಎಂಬ ಭರವಸೆ ನಾನು ಕೊಡಲಾರೆ. ಆದರೆ ಇದರ ಬಗ್ಗೆ ಏನಾದರೂ ಕೇಳಬೇಕೆನಿಸಿದರೆ ನನ್ನ ಮೊಬೈಲಿಗೆ ಫೋನ್ ಮಾಡಿ. ನಮಗಾಗಿ ಕೊಟ್ಟ ಸಮಯಕ್ಕೆ ಧನ್ಯವಾದ."

ಐದೂವರೆಗೆ ಕಳಿಸಿದಳು. ಆಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಕಣ್ಣು ಮೊಬೈಲಿನ ಮೇಲೆಯೇ. ಉತ್ತರವಿಲ್ಲ. ಕೊರತೆಯನ್ನು ಬರೆದದ್ದು ತಪ್ಪಾಯಿತೇನೋ, ಎರಡು ಸಾಲೇ ವಾಸಿಯಿತ್ತೇನೋ ಎಂದು ಮನಸ್ಸು ತಿರುಗಿ ತಿರುಗಿ ಅಲ್ಲೇ ಬರುತ್ತಿತ್ತು.

ಮರುದಿನ ಮಧ್ಯಾಹ್ನ ಫೋನ್ ಬಂತು.

"ಮೇಡಂ, ನಾ ಮಮತಾ. ಮುಂಡರಗಿಯವರಿಗೆ ಹೂಂ ಅಂದೇನ್ರಿ."

"ಛಲೋ ಆತು. ನಿನ್ನಿ ಭಾಳ ಬ್ಯಾಸರ ಆತೇನು?"

"ಖರೆ ಹೇಳ್ಲೇನ್ರಿ? ಅತ್ತೇನ್ರಿ. ಇದಕ್ಕ ಮುಂಚೆ ನಾಕು ಕಡೆ ಇಂಟರ್ವ್ಯೂ ಕೊಟ್ಟಿದ್ದೆ. ಯಾರೂ ಯಾಕ ಬ್ಯಾಡ ಅಂತ ಹೇಳಿರಲಿಲ್ಲ. ನನ್ನ ಮಾತ ಸರಿ ಇಲ್ಲೇನು, ಮಾರಿ ಸರಿ ಇಲ್ಲೇನು ಅಂತ ಏನೇನೋ ಅನ್ಕೊಂಡಿದ್ದೆ. ಈಗ ಒಂದ ಗೊತ್ತಾತು. ಬಣ್ಣದ ಕೆಲಸ ಎಲ್ಲಿ ಕಲೀಬಹುದ್ರಿ?"

ಬನಶಂಕರಿ ಪೆನ್ನು ತೆಗೆದುಕೊಂಡಳು. "ನಮ್ಮ ಸೋದರಮಾವ ಕುಬೇರಪ್ಪ ಅಂತ ಅದಾರ, ಇಲ್ಲೇ ಬಣ್ಣದ ಮನಿ ನಡಸ್ತಾರ. ರವಿವಾರ ಬಂದ್ರ ಕಲಸ್ತಾರೇನು ಕೇಳಿ ಹೇಳ್ತೀನಿ. ಅವರು ಒಲ್ಲೆ ಅಂದ್ರ, ಒಲ್ಲೆ ಅಂದ್ರು ಅಂತಾನೂ ಹೇಳ್ತೀನಿ."

ಆ ಕಡೆಯಿಂದ ನಗು ಕೇಳಿಸಿತು. "ಅಷ್ಟ ಸಾಕ್ರಿ ಮೇಡಂ."