ಅಕ್ಕನ ಅಕ್ಷರದ ಚೀಟಿ

ಸೋಪು ಮಾಡುತ್ತಿದ್ದವಳು ಅಕ್ಕ, ಪ್ಯಾಕ್ ಮಾಡುತ್ತಿದ್ದವಳು ತಂಗಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನೆ. ಹೆಸರು ಅಚ್ಚಾದ ಡಬ್ಬಿಗೆ ಕೈ ಎಟುಕದೆಂದು ಸಾದಾ ಕಂದು ಡಬ್ಬಿಗಳನ್ನು ಸಗಟಾಗಿ ತಂದು, ಮುಚ್ಚಳಕ್ಕೊಂದು ರಬ್ಬರ್ ಸ್ಟಾಂಪ್ ಒತ್ತುತ್ತಿದ್ದರು. ಒಳಗೆ ಅರ್ಧ ಹಾಳೆ ಟಿಶ್ಯೂ, ಮಡಿಕೆಗೊಂದು ಸ್ಟಿಕ್ಕರ್, ರುಚಿ ಹತ್ತಿಸಲು ಬೇರೆ ಪರಿಮಳದ ಸೋಪಿನ ತುದಿಯ ಚೂರು. ಎಲ್ಲಕ್ಕಿಂತ ಮೇಲೆ ಅಕ್ಕ ಕೈಯಾರೆ ಬರೆದ ಚೀಟಿ: ಗಿರಾಕಿಯ ಹೆಸರು, ಹೋದ ಸಲದ ಸೋಪು ಹೇಗಿತ್ತೆಂಬ ವಿಚಾರಣೆ, ಮನೆಯದೊಂದು ಸಮಾಚಾರ. ಡಬ್ಬಿ ಬಿಚ್ಚಿದವರು ಮೊದಲು ಅದನ್ನೇ ಓದುತ್ತಿದ್ದರು, ಮತ್ತೆ ಆರ್ಡರ್ ಕಳಿಸುತ್ತಿದ್ದರು.

ಕೆಮ್ಮೆಂದು ಮಲಗಿದ ಅಕ್ಕ ಏಳಲಿಲ್ಲ. ತಂಗಿ ಸೋಪು ಮಾಡಲು ಕಲಿತಳು, ಚೀಟಿಯನ್ನು ಮಾತ್ರ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದಳು. ಎರಡೇ ತಿಂಗಳಲ್ಲಿ ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ನಾಪತ್ತೆ. ಅಮ್ಮನ ಹೊಟ್ಟೆ, ತನ್ನ ಹೊಟ್ಟೆ ಎರಡೂ ಇದನ್ನೇ ನಂಬಿದ್ದವು. ಅಕ್ಕನ ಹಳೆಯ ಚೀಟಿ ಎದುರಿಗಿಟ್ಟುಕೊಂಡು, ಎಡಕ್ಕೆ ವಾಲುವ ಆ ಅಕ್ಷರಗಳನ್ನು ತಿದ್ದಿ ತಿದ್ದಿ ಕಲಿತಳು. ಕೆಳಗೆ ‘ಅಕ್ಕ’ ಎಂದೇ ಸಹಿ. ಹೋದವರು ಮರಳಿ ಬಂದರು. ಗಿರಾಕಿಗಳ ಮಾತು ಹೇಳುತ್ತಿದ್ದೇನೆ.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು. ಅಕ್ಕನ ಕೊನೆಯ ಚೀಟಿಯನ್ನು ನೆನಪಿಟ್ಟಿದ್ದ ರಿಟೈರಾದ ಟೀಚರೊಬ್ಬರು ಆರ್ಡರಿನ ಜೊತೆ ‘ಕೆಮ್ಮು ಹೇಗಿದೆ?’ ಎಂದು ಕೇಳಿದರು. ‘ಪೂರ್ತಿ ವಾಸಿಯಾಯಿತು’ ಎಂದು ಬರೆದಳು. ಮುಂದಿನ ಡಬ್ಬಿಯಲ್ಲಿ ‘ಸ್ವಲ್ಪ ದಪ್ಪಗೂ ಆಗಿದ್ದೇನೆ’ ಎಂದಳು. ಅದನ್ನು ಬರೆದ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಯಾರೋ ಮೆಲ್ಲಗೆ ಕೆಮ್ಮಿದಂತಾಯಿತು. ಎದ್ದು ಹೋಗಿ ನೋಡಿದರೆ, ಕಪಾಟಿನ ತುಂಬ ಒಣಗಲಿಟ್ಟ ಸೋಪುಗಳು ಮಾತ್ರ. ಆಮೇಲೆ ಅವಳು ಆ ಬಾಗಿಲಿಗೆ ಬೆನ್ನು ಹಾಕಿ ಕೂರಲೇ ಇಲ್ಲ.

ಆರನೆಯ ಆರ್ಡರಿನಲ್ಲಿ ಟೀಚರ್ ಬರೆದಿದ್ದರು: ‘ಮುಂದಿನ ವಾರ ನಿಮ್ಮೂರಿಗೆ ಬರುತ್ತಿದ್ದೇನೆ. ನಿಮ್ಮನ್ನು ಕಣ್ತುಂಬ ನೋಡಬೇಕು.’

ತಂಗಿ ಅದನ್ನು ಅಮ್ಮನಿಗೆ ಓದಿ ಹೇಳಿದಳು. ಟಿಶ್ಯೂ ಮಡಿಸುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ.

"ನಿಜ ಬರೆದುಬಿಡೇ. ಇನ್ನೂ ಎಷ್ಟು ದಿನ ಅಂತ ಅವಳನ್ನ ದುಡಿಸ್ತೀಯ?"

"ಗಿರಾಕಿಗಳು ಹೋಗ್ತಾರಮ್ಮಾ."

"ಹೋದ್ರೆ ಹೋಗ್ಲಿ. ಅವಳನ್ನೂ ಹೋಗೋಕೆ ಬಿಡು."

ತಂಗಿ ಹೊಸ ಚೀಟಿ ತೆಗೆದುಕೊಂಡಳು. ತನ್ನದೇ ಅಕ್ಷರದಲ್ಲಿ ಬರೆಯುವುದೆಂದು ಮನಸ್ಸು ಗಟ್ಟಿ ಮಾಡಿದಳು. ‘ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು. ನಾನು ಅವಳ ತಂಗಿ. ಕ್ಷಮಿಸಿ.’ ನೋಡಿದರೆ ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು. ಹರಿದು ಹಾಕಿ, ನಿಧಾನವಾಗಿ, ಒಂದನೇ ಕ್ಲಾಸಿನ ಮಗುವಿನ ಹಾಗೆ ಮತ್ತೆ ಬರೆದಳು. ಅದೇ ವಾಲು, ಅದೇ ಕೊಂಬು, ಅದೇ ಇಳಿ. ಐದನೆಯ ಚೀಟಿಯ ಕೊನೆಗೆ ಕೈ ತಾನಾಗಿಯೇ ‘ಅಕ್ಕ’ ಎಂದು ಸಹಿ ಹಾಕಿತು.

ಅಮ್ಮ ಆ ಚೀಟಿಯನ್ನು ಎತ್ತಿಕೊಂಡಳು. ಕೊನೆಯತನಕ ಓದಿದಳು. ತಾನು ಸತ್ತ ಸುದ್ದಿಯನ್ನು ದೊಡ್ಡ ಮಗಳೇ ಬರೆದು ಕಳಿಸಿದ ಹಾಗಿತ್ತು.

"ಅಮ್ಮಾ, ನನ್ನ ಅಕ್ಷರ ಹೇಗಿತ್ತು?" ತಂಗಿ ಅಳುತ್ತಾ ಕೇಳಿದಳು.

ಅಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ನೆನಪಿಲ್ಲ ಕಣೇ," ಎಂದಳು.