ಬಿಸಿಲಿನ ಜಮಾ

ಪಂಪಾಪತಿಗೆ ಕೂತಲ್ಲಿ ಕೂರಲು ಆಗದ ರೋಗ ಶುರುವಾದದ್ದು ಮನೆಯ ಮಾಳಿಗೆಯ ಮೇಲೆ ಸೋಲಾರ್ ಫಲಕ ಹಾಕಿಸಿದ ಮೇಲೆ. ರಾಯಚೂರಿನ ಹತ್ತಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಅವನು ಲೆಕ್ಕ ಬರೆಯುವವನು. ಗಾದಿಯ ಮೇಲೆ ಕೂತು ರೈತರ ಚೀಲ ಎಣಿಸುವಾಗಲೂ ಕೈ ಮೊಬೈಲಿನ ಕಡೆಗೇ ಹೋಗುತ್ತಿತ್ತು. ಫಲಕಗಳು ಆ ಕ್ಷಣದಲ್ಲಿ ಎಷ್ಟು ಕರೆಂಟು ಮಾಡುತ್ತಿವೆ ಎಂಬುದನ್ನು ಅದರೊಳಗಿನ ಆ್ಯಪ್ ತೋರಿಸುತ್ತಿತ್ತು. ಮೋಡ ಬಂದರೆ ಅಂಕಿ ಬೀಳುತ್ತಿತ್ತು, ಅವನ ಮುಖವೂ ಬೀಳುತ್ತಿತ್ತು.

ಮನೆಯಲ್ಲಿ ಇದ್ದವರು ಮೂರೇ ಜನ. ಅವನು, ಅವನ ತಾಯಿ ಹಂಪಮ್ಮ, ದೇವದುರ್ಗದ ಸರಕಾರಿ ಶಾಲೆಯಲ್ಲಿ ಕಲಿಸುವ ಹೆಂಡತಿ ಸುಮಂಗಲಾ. ಉಚಿತ ವಿದ್ಯುತ್ತಿನ ಮಿತಿಯನ್ನು ಅವರ ಮನೆ ಮೊದಲಿನಿಂದಲೂ ದಾಟಿಯೇ ಇತ್ತು. ಹಾಗಾಗಿ ಪ್ರತಿ ತಿಂಗಳೂ ಪೂರ್ತಿ ಬಿಲ್ಲು. ಅದರಿಂದ ಪಾರಾಗಲಿಕ್ಕೇ ಮೂರು ಕಿಲೋವಾಟಿನ ಫಲಕ ಹಾಕಿಸಿದ್ದು. ಗೋಡೆಗೆ ಹೊಸ ಮೀಟರ್ ಬಂತು. ಹಗಲು ಮನೆ ಬಳಸಿ ಉಳಿದ ಕರೆಂಟು ತಂತಿಗೆ ಹೋದರೆ ಒಂದು ಅಂಕಿ ಏರುತ್ತದೆ, ರಾತ್ರಿ ತಂತಿಯಿಂದ ಬಂದರೆ ಇನ್ನೊಂದು.

ಫಲಕ ಬಂದ ಮೊದಲ ದಿನಗಳಲ್ಲೇ ಗದ್ವಾಲದ ಅವನ ಸೋದರಮಾವನ ಮಗ ಅಯ್ಯಪ್ಪ ಫೋನಿನಲ್ಲಿ ಒಂದು ಮಾತು ಹೇಳಿದ್ದ: "ನಮ್ಮ ಕಡಿ ಉಳದ ಯೂನಿಟ್ ಮುಂದಿನ ತಿಂಗಳಿಗೆ ಹೋಗ್ತಾವಪಾ. ಬ್ಯಾಂಕಿನ್ಯಾಗ ಇಟ್ಟಂಗ. ಮಳಿಗಾಲದಾಗ ತಗೊಂಡು ಉಡಾಯಿಸು."

ಈ ಮಾತು ಪಂಪಾಪತಿಯ ತಲೆಯಲ್ಲಿ ಮನೆ ಮಾಡಿಕೊಂಡಿತು. ಮೇ ತಿಂಗಳ ಬಿಸಿಲು ರಾಯಚೂರಿನಲ್ಲಿ ಕಲ್ಲನ್ನೂ ಒಡೆಯುತ್ತದೆ. ಅಂಥ ಬಿಸಿಲನ್ನು ಕೂಡಿಟ್ಟು ಶ್ರಾವಣಕ್ಕೆ ಖರ್ಚು ಮಾಡುವುದೆಂದರೆ ಸಾಮಾನ್ಯವೇ? ಬಿಸಿಲು ಜೋರಿರುವ ಹೊತ್ತಿನಲ್ಲಿ ಒಂದು ಯೂನಿಟ್ಟೂ ಮನೆಯೊಳಗೆ ಹಾಳಾಗಬಾರದು ಎಂದು ಅವನು ಕಾನೂನು ಮಾಡಿದ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಮೋಟರು ಎಲ್ಲ ಬೆಳಗಿನ ಜಾವಕ್ಕೆ ಹೋದವು. ಕೊನೆಗೆ ಕೂಲರಿನ ಸರದಿ ಬಂತು.

"ಯವ್ವಾ, ಮಧ್ಯಾನ ಫ್ಯಾನ್ ಹಾಕ್ಕೊ. ಕೂಲರ್ ಸಂಜಿ ಮ್ಯಾಲ ಹಚ್ಚೋಣು," ಎಂದ.

"ಆತು ಬಿಡಪಾ," ಎಂದಳು ಹಂಪಮ್ಮ. ಮಗ ಏನೋ ಕೂಡಿಸುತ್ತಿದ್ದಾನೆ ಎಂಬುದಷ್ಟೇ ಆಕೆಗೆ ಗೊತ್ತಿತ್ತು. ಕೂಡಿಸುವ ಮಗನಿಗೆ ಯಾವ ತಾಯಿ ಅಡ್ಡ ಬರುತ್ತಾಳೆ? ಸೀರೆಯ ಸೆರಗು ನೀರಲ್ಲಿ ಅದ್ದಿ ಮೈಮೇಲೆ ಹೊದ್ದು, ನಡುಮನೆಯ ಬಂಡೆಗಲ್ಲಿನ ನೆಲದ ಮೇಲೆ ಮಲಗುತ್ತಿದ್ದಳು.

ಶಾಲೆಗೆ ರಜೆಯಿದ್ದು ಮನೆಯಲ್ಲೇ ಇದ್ದ ಸುಮಂಗಲಾಳಿಗೆ ಇದನ್ನು ಸಹಿಸಲಾಗಲಿಲ್ಲ. "ಕರೆಂಟ್ ಹೋದ್ರ ನಿಮ್ಮ ಸೋಲಾರೂ ಬಂದಾಗತದ, ಫ್ಯಾನೂ ತಿರಗಂಗಿಲ್ಲ. ಕರೆಂಟ್ ಇದ್ದಾಗ ನೀವು ಕೂಲರ್ ಹಚ್ಚಗೊಡಂಗಿಲ್ಲ. ಹಂಗಾದ್ರ ಇದನ್ನ ಯಾಕ ಹಾಕಿಸಿದ್ರಿ?" ಎಂದು ಕೇಳಿದಳು. ಅವನು ಮಳೆಗಾಲದ ಲೆಕ್ಕ ಹೇಳಿದ. ಅವಳು ಎದ್ದು ಒಳಗೆ ಹೋದಳು.

ಒಂದು ಮಧ್ಯಾಹ್ನ ಅವನು ಅಂಗಡಿಯಲ್ಲಿದ್ದಾಗ ಅವಳ ಫೋನು ಬಂತು. ಹಂಪಮ್ಮ ನೀರು ಕುಡಿಯಲು ಎದ್ದವಳು ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದಿದ್ದಳು. ಪಂಪಾಪತಿ ಆಸ್ಪತ್ರೆಗೆ ಓಡಿದ. ಬಿಸಿಲ ಝಳಕ್ಕೆ ಮೈಯ ನೀರು ಆರಿದೆ, ಹೆದರುವಂಥದ್ದಿಲ್ಲ, ಆದರೆ ತಂಪಿನಲ್ಲಿ ಇರಿಸಿ ಎಂದರು ವೈದ್ಯರು. ಸಲೈನ್ ಹನಿ ಬೀಳುವುದನ್ನು ನೋಡುತ್ತ ಅವನು ಮಂಚದ ಬಳಿ ನಿಂತ. ನಿಂತಿದ್ದವನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ಮೊಬೈಲು ತೆಗೆಯಿತು. ಅಂಕಿ ಚೆನ್ನಾಗಿಯೇ ಇತ್ತು. ತಲೆ ಎತ್ತಿದರೆ ಎದುರಿಗೆ ಸುಮಂಗಲಾ.

ಮರುದಿನ ಅತ್ತೆ ಸೊಸೆ ಇಬ್ಬರೂ ಮಾನ್ವಿಯ ಬಸ್ಸು ಹತ್ತಿದರು. ಅಲ್ಲಿ ಪಂಪಾಪತಿಯ ತಂಗಿ ವಿಜಯಲಕ್ಷ್ಮಿಯ ಮನೆ. "ಮಳಿ ಬೀಳೋತನಾ ಅವ್ವ ಅಲ್ಲೇ ಇರ್ತಾರ. ನಾನೂ ಇರ್ತೀನಿ. ನೀವು ಕೂಡಿಸ್ರಿ," ಎಂದಷ್ಟೇ ಸುಮಂಗಲಾ ಹೇಳಿದಳು.

ಖಾಲಿ ಮನೆಯಲ್ಲಿ ಪಂಪಾಪತಿಗೆ ಇನ್ನೂ ಕಸಿವಿಸಿಯಾಯಿತು. ಅಡ್ಡಾಡಿದ. ಮೀಟರಿನ ಮುಂದೆ ನಿಂತ. ಮಾಳಿಗೆ ಹತ್ತಿ ಫಲಕದ ಧೂಳು ಒರೆಸಿ ಇಳಿದ, ಮತ್ತೆ ಹತ್ತಿದ. ಬಿಲ್ಲು ಬಂದ ದಿನ ಕಾಣುತ್ತದಲ್ಲ, ಆಗ ಎಲ್ಲರಿಗೂ ತಿಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಬಿಲ್ಲು ಬಂತು. ತಂತಿಯಿಂದ ತಗೊಂಡದ್ದು ನೂರಾ ನಾಲ್ಕು ಯೂನಿಟ್, ತಂತಿಗೆ ಕೊಟ್ಟದ್ದು ಮುನ್ನೂರಾ ಹದಿನೆಂಟು. ಹೆಚ್ಚುವರಿ ಇನ್ನೂರಾ ಹದಿನಾಲ್ಕು! ಎದೆ ಉಬ್ಬಿತು. ಹಿಂದಿನ ತಿಂಗಳು ಉಳಿದಿದ್ದ ಅರವತ್ತೊಂದು ಇದಕ್ಕೆ ಕೂಡಿ ಎಷ್ಟಾಯಿತು ಎಂದು ಕೆಳಗಿನ ಸಾಲು ನೋಡಿದ. ಆ ಅರವತ್ತೊಂದು ಎಲ್ಲೂ ಇರಲಿಲ್ಲ. ಇನ್ನೂರಾ ಹದಿನಾಲ್ಕರ ಮುಂದೆ ಒಂದು ಸಣ್ಣ ದರ ಹಾಕಿ, ರೂಪಾಯಿ ಮಾಡಿ, ಅದರಿಂದ ನಿಗದಿತ ಶುಲ್ಕ ಕಳೆದಿದ್ದರು. ಎಲ್ಲಕ್ಕೂ ಕೆಳಗೆ ಮೈನಸ್ ಗುರುತಿನೊಂದಿಗೆ ಐವತ್ತು ಚಿಲ್ಲರೆ ರೂಪಾಯಿ.

ಅವನು ಚಪ್ಪಲಿ ಮೆಟ್ಟಿಕೊಂಡು ನೇರ ವಿದ್ಯುತ್ ಕಚೇರಿಗೆ ನಡೆದ. ಕಂದಾಯ ವಿಭಾಗದಲ್ಲಿ ಆತಿಯಾ ಎಂಬ ಹೆಣ್ಣುಮಗಳು ಕೂತಿದ್ದಳು. ಅವಳ ಮುಂದೆ ಬಿಲ್ಲು ಇಟ್ಟು, "ನನ್ನ ಯೂನಿಟ್ ಎಲ್ಲಿ ಹೋದೂರೀ? ಅರವತ್ತೊಂದು ಜಮಾ ಇದ್ದೂ," ಎಂದ. ದನಿ ತುಸು ಏರಿತ್ತು.

"ಕುಂದರ್ರಿ ಸರ್," ಎಂದು ಅವಳು ಬಿಲ್ಲನ್ನು ತಿರುಗಿಸಿಕೊಂಡಳು. "ನಮ್ಮಲ್ಲಿ ಯೂನಿಟ್ ಜಮಾ ಇರಂಗಿಲ್ರಿ. ತಿಂಗಳು ಮುಗದ ಕೂಡಲೇ ಲೆಕ್ಕ ಚುಕ್ತಾ. ನೀವು ನೂರಾ ನಾಕು ತಗೊಂಡೀರಿ, ಕೊಟ್ಟದ್ದರಾಗ ನೂರಾ ನಾಕು ಅದಕ್ಕ ವಜಾ. ಯೂನಿಟ್‌ಗೆ ಯೂನಿಟ್. ಅವು ನಿಮಗ ಪೂರಾ ದರ ಉಳಿಸ್ಯಾವ, ಯೂನಿಟ್ಟಿಗೆ ಐದೂ ಮುಕ್ಕಾಲು ರೂಪಾಯಿ ಮ್ಯಾಲ. ಅದರಾಚೆ ಉಳದದ್ದಕ್ಕ ನಿಮ್ಮ ಒಪ್ಪಂದದಾಗ ಬರದ ದರ. ಎರಡೂವರಿ ರೂಪಾಯಿನೂ ಇಲ್ಲ. ಅದು ರೊಕ್ಕ ಆಗಿ ಜಮಾ ಆಗತದ, ಯೂನಿಟ್ ಆಗಿ ಅಲ್ಲ."

"ಗದ್ವಾಲದಾಗ ಮುಂದ ಹೋಗ್ತಾವಂತಲ್ಲ?"

"ಅದು ತೆಲಂಗಾಣರೀ. ಅವರ ನಿಯಮ ಬ್ಯಾರೆ."

"ಮತ್ತ ಈ ನಿಗದಿತ ಶುಲ್ಕ?"

"ಅದು ನಿಮ್ಮ ಮಂಜೂರಾತಿ ಲೋಡಿನ ಮ್ಯಾಲ. ಮೊದಲ ಎರಡು ಕಿಲೋವಾಟ್ ಇತ್ತು, ಸೋಲಾರ್‌ಗಂತ ಮೂರು ಮಾಡಿಸೀರಿ. ಒಂದು ಯೂನಿಟ್ ತಗೊಳ್ಳದಿದ್ದರೂ ಕಟ್ಟಬೇಕು, ಸಾವಿರ ಯೂನಿಟ್ ಕೊಟ್ಟರೂ ಕಟ್ಟಬೇಕು. ಹೋದ ತಿಂಗಳ ಅರವತ್ತೊಂದರ ರೊಕ್ಕ ಅದಕ್ಕೇ ಹೋಗ್ಯಾದ, ಮ್ಯಾಲೆ ನೀವು ಕಟ್ಟಿದ್ದೂ ಅದ. ಈ ಸಲ ಅದನ್ನ ಕಳದು ಇಷ್ಟು ಉಳದದ, ಮುಂದಿನ ಬಿಲ್ಲಿಗೆ ವಜಾ ಆಗತದ. ಚೊಲೊ ಬಿಲ್ಲು ಇದು ಸರ್. ಇಷ್ಟು ಕೊಟ್ಟವರು ಕಮ್ಮಿ. ಹಗಲ ಮನ್ಯಾಗ ಯಾರೂ ಇರಂಗಿಲ್ಲೇನು?"

ಪಂಪಾಪತಿ ಬಿಲ್ಲನ್ನು ತನ್ನ ಕಡೆಗೆ ಎಳೆದುಕೊಂಡ. "ಒಂದು ಕೂಲರ್ ಮಧ್ಯಾನ ಐದ ತಾಸು ಓಡಿದ್ರ ಎಷ್ಟ ತಿಂತದರೀ?" ಎಂದು ಕೇಳಿದ.

"ಮನಿ ಕೂಲರ್ ಅಲ್ಲ? ಒಂದು ಯೂನಿಟ್ ಅನ್ನರಿ."

ಎರಡು ರೂಪಾಯಿ ಚಿಲ್ಲರೆ. ದಿನಕ್ಕೆ. ಲೆಕ್ಕ ಬರೆದು ಬರೆದು ಕೂದಲು ನೆರೆತ ಮನುಷ್ಯನಿಗೆ ಅದನ್ನು ತಿಂಗಳಿಗೆ ಗುಣಿಸಲು ಕಾಗದ ಬೇಕಾಗಲಿಲ್ಲ. ಕೂಲರ್ ತಿಂಗಳಿಡೀ ತಿರುಗಿದ್ದರೆ ಈ ಜಮಾ ಇರುತ್ತಿರಲಿಲ್ಲ, ಹದಿನೈದಿಪ್ಪತ್ತು ರೂಪಾಯಿ ಕಟ್ಟಬೇಕಾಗುತ್ತಿತ್ತು. ಅಷ್ಟೇ. ಕಚೇರಿಯ ಫ್ಯಾನಿನ ಕೆಳಗೂ ಅವನ ಬೆನ್ನು ಬೆವರಿತು. ಬಿಲ್ಲು ಮಡಚಿಕೊಂಡು ಹೊರಗೆ ಬಂದವನು ಅಂಗಡಿಯ ದಾರಿ ಹಿಡಿಯಲಿಲ್ಲ; ಬಸ್ ನಿಲ್ದಾಣಕ್ಕೆ ಹೋದ.

ಮಾನ್ವಿಯವರೆಗೂ ಕಿಟಕಿಯಿಂದ ಬೆಂಕಿಯಂಥ ಗಾಳಿ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಕಟ್ಟಿದ, ಕೆಡವಿದ. ತಪ್ಪನ್ನು ಗದ್ವಾಲದ ಅಯ್ಯಪ್ಪನ ಮೇಲೆ ಹಾಕಬಹುದಿತ್ತು. ಆದರೆ ಸಲೈನಿನ ಮುಂದೆ ಮೊಬೈಲು ತೆಗೆದದ್ದು ಅಯ್ಯಪ್ಪನ ಕೈ ಅಲ್ಲವಲ್ಲ.

ತಂಗಿಯ ಮನೆಯಲ್ಲಿ ಕೂಲರಿನ ಸದ್ದು ಬಾಗಿಲಿನವರೆಗೆ ಕೇಳುತ್ತಿತ್ತು. "ಅಣ್ಣಾ, ಹೇಳದ ಕೇಳದ ಬಂದಿ?" ಎನ್ನುತ್ತ ವಿಜಯಲಕ್ಷ್ಮಿ ನೀರು ತಂದಳು. ಹಂಪಮ್ಮ ಮಂಚದ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮುಖಕ್ಕೆ ಕಳೆ ಬಂದಿತ್ತು. ಸುಮಂಗಲಾ ಗೋಡೆಗೆ ಒರಗಿ ನಿಂತು ಅವನನ್ನೇ ನೋಡಿದಳು.

ಅವನು ಬಿಲ್ಲನ್ನು ಹೆಂಡತಿಯ ಕೈಗೆ ಕೊಟ್ಟು ತಾಯಿಯ ಕಾಲ ಬಳಿ ಕೂತ. "ಯವ್ವಾ, ನಾ ತಪ್ಪ ತಿಳಕೊಂಡಿದ್ದೆ. ಮಳಿಗಾಲಕ್ಕ ಏನೂ ಕೂಡಿಲ್ಲ. ನಿನ್ನ ಕೂಲರಿನಿಂದ ಉಳದದ್ದು ದಿನಕ್ಕ ಎರಡು ರೂಪಾಯಿ."

ಹಂಪಮ್ಮನ ಕೈ ನಿಂತಿತು. "ಎಷ್ಟಂದಿ?"

"ಎರಡು ರೂಪಾಯಿ."

"ಎರಡು ರೂಪಾಯಿ ಆಗಲಿ, ಎರಡು ಸಾವಿರ ಆಗಲಿ," ಎಂದಳು ಆಕೆ ನಿಧಾನವಾಗಿ, "ಸೆಕಿ ಆಗಾಕತ್ತದೇನು ಅಂತ ನನ್ನ ಒಂದು ಮಾತು ಕೇಳಬೇಕಿತ್ತು ನೀನು. ಆ ಮಷಿನ್ನಿಗೆ ದಿನಾ ಕೇಳ್ತಿದ್ದಿ."

ಸುಮಂಗಲಾ ಬಿಲ್ಲನ್ನು ಕೊನೆಯ ಸಾಲಿನವರೆಗೂ ಓದಿದಳು. ಬಯ್ಯುತ್ತಾಳೆ ಎಂದುಕೊಂಡ ಪಂಪಾಪತಿ. ಅವಳು ಅವನ ಪಕ್ಕ ಬಂದು ಕೂತು, "ಆಸ್ಪತ್ರಿಯಾಗ ನಿಮ್ಮನ್ನ ನೋಡಿ ನನಗ ಅವ್ವನಕಿಂತ ನಿಮ್ಮದೇ ಚಿಂತಿ ಹತ್ತಿತ್ತು," ಎಂದಳು. "ಇನ್ನ ಮುಂದ ಬಿಲ್ಲು ನಾ ಓದ್ತೀನಿ. ಕೂಲರಿನ ಗುಂಡಿ ಅವ್ವನ ಕೈಯಾಗ."

"ಆತು," ಎಂದ.

ಹಂಪಮ್ಮ ಮಾತ್ರ ಅಂದೇ ಹೊರಡಲು ಒಪ್ಪಲಿಲ್ಲ. ಮಗಳ ಮನೆಯ ಹುಣಸೆಹಣ್ಣು ಮುಗಿಯಲಿ ಎಂದಳು. ಪಂಪಾಪತಿ ಎರಡು ಸಲ ಬಂದು ಹೋದ. ಮೂರನೆಯ ಸಲಕ್ಕೆ ಆಕೆ ಗಂಟು ಕಟ್ಟಿದಳು. ಮನೆಗೆ ಬಂದ ದಿನ ಅವನೇ ಕೂಲರಿಗೆ ಕೊಡದಿಂದ ನೀರು ಸುರಿದ, ಹೊಸ ಲಾವಂಚದ ಚಾಪೆ ಕಟ್ಟಿದ. ಹೊರಗೆ ರಣಬಿಸಿಲು. ತಾಯಿ ಗುಂಡಿ ಒತ್ತಿ, ಗಾಳಿಗೆ ಮುಖ ಕೊಟ್ಟು ಮಲಗಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಪಂಪಾಪತಿ ಅಲ್ಲೇ ನೆಲದ ಮೇಲೆ ಕೂತ. ಕೈ ಜೇಬಿನ ಕಡೆಗೆ ಹೋಯಿತು. ತಡೆದ. ಮತ್ತೆ ಹೋಯಿತು. ಕೊನೆಗೆ ಎದ್ದು ಮೊಬೈಲನ್ನು ಅಡುಗೆಮನೆಯಲ್ಲಿದ್ದ ಸುಮಂಗಲಾಳ ಮುಂದೆ ಇಟ್ಟು, "ಸಂಜಿತನಾ ಇದನ್ನ ನೀನೇ ಇಟ್ಕೊ," ಎಂದು ಬಂದು, ತಾಯಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ನಿದ್ದೆ ಬರಲಿಲ್ಲ. ಆದರೂ ಎದ್ದು ಹೋಗಲಿಲ್ಲ.