ಅಕ್ಕನಿಗೆ ಬರೆದುಕೊಟ್ಟ ಆಟದ ಚೀಟಿ

ಇದನ್ನು ಹೇಳುವಷ್ಟು ತಿಳಿದವನು ನಾನಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ಹಗಲು ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನನ್ನ ಅಕ್ಕ ವಾಣಿಶ್ರೀ ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಹಾಸ್ಟೆಲಿನಲ್ಲಿದ್ದು ವಾರಕ್ಕೊಂದು ರಜೆಗೆ ಮನೆಗೆ ಬರುತ್ತಾಳೆ. ಚಿಕ್ಕಂದಿನಿಂದಲೂ ನಾವಿಬ್ಬರೂ ವಿಡಿಯೋ ಗೇಮ್ ಆಡುತ್ತೇವೆ. ಸುಮ್ಮನೆ ಕೂತರೆ ನಮಗೆ ಮಾತೇ ಹುಟ್ಟುವುದಿಲ್ಲ, ಆಡುವಾಗ ಮಾತ್ರ ಬಾಯಿ ಬಿಚ್ಚುತ್ತದೆ. ಯಾವ ಆಟ ಎಂದು ಆರಿಸುವ ಕೆಲಸ ನನ್ನದು.

ಈಚೆಗೆ ಅದರಲ್ಲಿ ಎರಡು ಸಲ ಎಡವಿದೆ. ಹನ್ನೆರಡು ತಾಸಿನ ಡ್ಯೂಟಿ ಮುಗಿಸಿ ಬಂದವಳಿಗೆ ಗುಂಡು ಹಾರಿಸುವ ಶೂಟರ್ ಹಚ್ಚಿಕೊಟ್ಟೆ. ಹತ್ತು ನಿಮಿಷಕ್ಕೆ ತಲೆ ಹಿಡಿದುಕೊಂಡು ಎದ್ದಳು. ಮುಂದಿನ ವಾರ ರೋಗ್‌ಲೈಕ್ ಕೊಟ್ಟೆ. ಅದರಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಶುರು, ದಾರಿಯೂ ಪ್ರತಿ ಸಲ ಬೇರೆ. ಅಂದು ಅವಳು ಏಳು ಸಲ ಸತ್ತಳು.

“ವಾರಕ್ಕ ಒಂದ ದಿನ ಬರ್ತೀನಿ, ಅದ್ರಾಗೂ ಸೋತ ಹೋಗ್ಲೇನು? ಸಾಕೋ ಕಲ್ಲ್ಯಾ. ನನ್ನ ಕಂಟ್ರೋಲರ್ ಯಾರಿಗರ ಕೊಟ್ಟಬಿಡು.”

ಅವಳು ಬಸ್ಸು ಹತ್ತಿದ ಮೇಲೆ ನನಗೆ ಊಟ ಸೇರಲಿಲ್ಲ. ಆಟ ಹೋದರೆ ಅಕ್ಕನೊಂದಿಗೆ ನನಗೆ ಉಳಿಯುವುದು “ಉಂಡ್ಯಾ”, “ಉಂಡೆ” ಎಂಬ ಎರಡೇ ಮಾತು. ಮೂರು ಸಂಜೆ ಕೂತು ಒಂದು ಚೀಟಿ ಬರೆದೆ. ಮನಸ್ಸು ಹೇಗಿದೆ, ಹೊತ್ತು ಎಷ್ಟಿದೆ ನೋಡಿ ಆಟ ಆರಿಸಿಕೊಳ್ಳಲು.

ತಲೆ ಬಿಸಿಯಾಗಿ ಹದಿನೈದೇ ನಿಮಿಷ ಇದ್ದರೆ ಪಜಲ್. ಮೈಯಲ್ಲಿ ಹುರುಪಿದ್ದರೆ ಹಾರಿ ಜಿಗಿಯುವ ಪ್ಲಾಟ್‌ಫಾರ್ಮರ್. ಕಥೆಯೂ ಬೇಕು, ಊರೂ ಸುತ್ತಬೇಕು, ನಡುನಡುವೆ ಒಂದಿಷ್ಟು ಹೊಡೆದಾಟವೂ ಇರಲಿ ಎನ್ನಿಸಿ, ಕೈಯಲ್ಲಿ ಒಂದೆರಡು ತಾಸು ಇದ್ದರೆ ಆ್ಯಕ್ಷನ್-ಅಡ್ವೆಂಚರ್. ಕೊನೆಗೆ ಫೋರ್-ಎಕ್ಸ್. ಹೊಸ ನೆಲ ಹುಡುಕುವುದು, ರಾಜ್ಯ ಹರಡುವುದು, ಸಿಕ್ಕಿದ್ದನ್ನು ಬಳಸುವುದು, ಎದುರಾಳಿಯನ್ನು ಅಳಿಸುವುದು. ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಇರುವ ಪದಗಳಲ್ಲಿ ಎಕ್ಸ್ ಬರುವುದರಿಂದ ಆ ಹೆಸರು. ಅದರ ಮುಂದೆ ಕೆಂಪು ಪೆನ್ನಿನಲ್ಲಿ ಬರೆದೆ: ‘ಒಂದು ಆಟಕ್ಕೆ ಹದಿನೈದು, ಇಪ್ಪತ್ತು ತಾಸು. ನಿನಗೆ ಬೇಡ.’

ಅಕ್ಕ ಬಂದು, ಕಾಲು ಚಾಚಿ ಕೂತು, ಚೀಟಿ ಓದಿದಳು.

“ಅವ್ವಾ, ಇಲ್ಲಿ ನೋಡಬೇ. ಇಂವ ಔಷಧಿ ಚೀಟಿ ಬರದಾನ. ಊಟಕ್ಕ ಮೊದಲೋ, ಊಟಾದ ಮ್ಯಾಲೋ ಅನ್ನೂದೊಂದು ಬಿಟ್ಟಾನ.”

ಅಡುಗೆಮನೆಯಿಂದ ಅವ್ವ, “ಓದೂ ಮುಂದ ಇಷ್ಟ ಬರದಿದ್ರ ಫಸ್ಟ್ ಕ್ಲಾಸ್ ಬರ್ತಿತ್ತು” ಎಂದಳು.

ಅಕ್ಕ ಕೆಂಪು ಸಾಲಿನ ಮೇಲೆ ಬೆರಳಿಟ್ಟಳು. “ನಂಗ ಇದ ಬೇಕು.”

“ಅಕ್ಕಾ, ಅದು ನಿಂಗಾಗೂದಿಲ್ಲ. ಭಾಳ ಹೊತ್ತಿಂದು.”

“ಅಲ್ಲೇ ಚಾ ಕುಡಿಯೂ ಹೊತ್ತಿನ್ಯಾಗ ದಿನಾ ಇಷ್ಟಿಷ್ಟ ಆಡ್ತೀನಿ. ಎಷ್ಟ ಹೊತ್ತು ಅಂತ ಬರದಿ. ನಡುವ ಬಿಟ್ಟ ಏಳಾಕ ಬರ್ತೈತೇನು ಅಂತ ಎಲ್ಲೆರ ಬರದಿಯೇನು? ವಾರ್ಡಿನ್ಯಾಗ ಕರದ್ರ ನಾ ಓಡಬೇಕು. ಶೂಟರ್ ನನ್ನ ಸಲುವಾಗಿ ನಿಲ್ತೈತೇನು?”

ಇಷ್ಟು ಕಾಲ ಆಡಿಯೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಎಲ್ಲ ಫೋರ್-ಎಕ್ಸ್ ಆಟಗಳನ್ನೂ ನಡುವೆ ಬಿಟ್ಟು ಏಳಲು ಬರುವುದಿಲ್ಲ, ಕೆಲವು ನಿಲ್ಲದೆ ಓಡುತ್ತವೆ. ಆದರೆ ಸರದಿಯ ಮೇಲೆ ಆಡುವವು ಕಾಯುತ್ತವೆ. ನಮ್ಮ ನಡೆ ಮುಗಿಸುವವರೆಗೆ ಏನೂ ಕದಲುವುದಿಲ್ಲ. ಅಂಥದ್ದೊಂದನ್ನು ಇಬ್ಬರ ಫೋನಿಗೂ ಹಾಕಿದೆ. ಅವಳು ತನ್ನ ಸರದಿ ಮುಗಿಸಿದರೆ ನನ್ನ ಫೋನಿಗೆ ಸುದ್ದಿ ಬರುತ್ತದೆ, ನಾನು ಮುಗಿಸಿದರೆ ಅವಳಿಗೆ. ಅವಳು ಕೊಪ್ಪಳದಲ್ಲಿ, ನಾನು ಗಂಗಾವತಿಯಲ್ಲಿ. ಒಂದು ಸರದಿಗೆ ಐದು ನಿಮಿಷ ಸಾಕು.

ಚೀಟಿಗೆ ಒಂದು ಸಾಲು ಸೇರಿಸಿದೆ: ‘ನಡುವೆ ಬಿಡಲು ಬರುತ್ತದೆಯೇ ಎಂದು ಮೊದಲು ಕೇಳು.’

ಈಗ ಎರಡು ತಿಂಗಳಾಯಿತು. ಅವಳ ಚಹಾದ ಹೊತ್ತಿಗೆ ನನ್ನ ಫೋನು ಟಿಣ್ ಎನ್ನುತ್ತದೆ. ಸರದಿಯ ಜೊತೆಗೆ ಒಂದು ಮಾತೂ ಬರುತ್ತದೆ: “ನಿನ್ನ ರಾಜಧಾನಿಗಿಂತ ನಮ್ಮ ಹಾಸ್ಟೆಲ್ ಛಲೋ ಐತಿ.” ಒಂದು ದಿನ ಬರೀ “ಇವತ್ತ ಒಂದು ಕೂಸು ಉಳೀತು” ಎಂದಿತ್ತು. ಅಂಥ ಮಾತನ್ನು ಅವಳು ಮೊದಲು ನನಗೆ ಹೇಳಿದವಳೇ ಅಲ್ಲ.

ಆಟದಲ್ಲಿ ನನ್ನ ಮೂಲೆಯ ಊರೊಂದಕ್ಕೆ ಒಬ್ಬನೇ ಕಾವಲುಗಾರ. ಅದರ ಬಾಗಿಲಲ್ಲಿ ಅಕ್ಕನ ಸೈನ್ಯ ಒಂಬತ್ತು ಸರದಿಯಿಂದ ನಿಂತಿದೆ. ಹೊಡೆದರೆ ಊರು ಅವಳದು, ಆಟವೂ ಬೇಗ ಮುಗಿಯುತ್ತದೆ. ಹೊಡೆಯುತ್ತಿಲ್ಲ. ಅವಳು ನೋಡಿಲ್ಲವೋ, ನೋಡಿಯೂ ಬಿಟ್ಟಿದ್ದಾಳೋ, ನನಗೆ ಗೊತ್ತಿಲ್ಲ. ಕೇಳಲು ಧೈರ್ಯವೂ ಆಗಿಲ್ಲ.